ಪಹಣಿಯಲ್ಲಿ 4-20, ಸ್ಕ್ರೀನ್ ಮೇಲೆ 5.08: ನಮ್ಮ ಹೊಲದ 35 ಗುಂಟೆ ಎಲ್ಲಿಂದ ಬಂತು?

ಭಾಗ 1 / 9

ಹೋದ ವಾರ ನಾನು ಸ್ಟೋರಿಯಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಕಿದ್ದೆ, ನೆನಪಿದೆಯಾ? ಹರಿಹರದ ಹತ್ತಿರ ಇರೋ ನಮ್ಮ ಅಜ್ಜನ ಹೊಲವನ್ನು ಸ್ಯಾಟಲೈಟ್ ಚಿತ್ರದ ಮೇಲೆ ಗೆರೆ ಎಳೆದು ಅಳೆದಿದ್ದೆ. QGIS ಕಲಿಯೋಕೆ ಶುರು ಮಾಡಿ ಆಗಷ್ಟೇ ಎರಡು ವಾರ ಆಗಿತ್ತು. ಸ್ಕ್ರೀನ್ ಮೇಲೆ 5.08 ಎಕರೆ ಅಂತ ಬಂತು. ಮನೆಯಲ್ಲಿದ್ದ ಪಹಣಿ ತೆಗೆದು ನೋಡಿದರೆ ಅಜ್ಜನ ಹೆಸರಿನ ಮುಂದೆ 4-20 ಅಂತ ಇತ್ತು. 5.08ರಲ್ಲಿ 4.20 ಕಳೆದರೆ 0.88 ಎಕರೆ, ಅಂದ್ರೆ ಹತ್ತಿರ ಹತ್ತಿರ 35 ಗುಂಟೆ. "ನಮ್ಮ ಹೊಲ ರೆಕಾರ್ಡ್‌ಗಿಂತ 35 ಗುಂಟೆ ಜಾಸ್ತಿ ಐತಿ" ಅಂತ ಬರೆದು ನಗೋ ಇಮೋಜಿ ಬೇರೆ ಹಾಕಿದ್ದೆ.

ಆ ನಗು ಒಂದೇ ದಿನ ಉಳೀತು. ಸ್ಟೋರಿಯನ್ನು ಪಕ್ಕದ ಹೊಲದ ಕಾಕಾನ ಮಗ ನೋಡಿದ, ಕಾಕಾಗೆ ತೋರಿಸಿದ. ಮರುದಿನ ಬೆಳಿಗ್ಗೆ ಕಾಕಾ ಮನೆ ಕಟ್ಟೆ ಮೇಲೆ ಬಂದು ಕೂತರು. ಚಹಾ ಮುಟ್ಟಲಿಲ್ಲ. "ನಿಮ್ಮ ಹುಡುಗನೇ ಅಳತೆ ಮಾಡಿ ಹಾಕ್ಯಾನಲ್ಲ, 35 ಗುಂಟೆ ಜಾಸ್ತಿ ಐತಿ ಅಂತ. ಆ ಜಾಸ್ತಿ ಎಲ್ಲಿಂದ ಬಂತು ಹೇಳ್ರಿ" ಅಂದರು. ನಮ್ಮ ಅಜ್ಜ ಮತ್ತು ಕಾಕಾ ನಲವತ್ತು ವರ್ಷ ಒಂದೇ ಬದುವಿನ ಎರಡು ಕಡೆ ಉಳುಮೆ ಮಾಡಿದವರು. ಅಜ್ಜ ನನ್ನ ಕಡೆ ನೋಡಿ, "ಲೇ ತಮ್ಮಾ, ನೀನೇ ಹಚ್ಚಿದ್ದು, ನೀನೇ ಆರಿಸು" ಅಂದುಬಿಟ್ಟ.

ಆ 35 ಗುಂಟೆಯ ಲೆಕ್ಕ ಹುಡುಕುತ್ತಾ ಹೋದರೆ ಸುಮಾರು 160 ವರ್ಷದ ಹಿಂದಿನ ಒಂದು ಕಬ್ಬಿಣದ ಚೈನಿನ ತನಕ ಹೋಗಿ ಮುಟ್ಟಿದೆ. ಆ ಕಥೆಯೇ ಈ ಸರಣಿ.

ಭಾಗ 2 / 9: ಚುಕ್ಕೆಯೋ, ಅಡ್ಡಗೆರೆಯೋ

ಮೊದಲ ತಪ್ಪು ಎಷ್ಟು ಸಣ್ಣದು ಅಂದ್ರೆ ಹೇಳೋಕೇ ನಾಚಿಕೆ. ಪಹಣಿಯ 4-20 ಅಂದ್ರೆ 4.20 ಎಕರೆ ಅಲ್ಲ, 4 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ. ಹಾಗಾಗಿ ಅದು ನಾಲ್ಕೂವರೆ ಎಕರೆ, ಸಾಫ್ಟ್‌ವೇರ್ ಭಾಷೆಯಲ್ಲಿ 4.50. ಇಷ್ಟು ತಿದ್ದಿದ್ದಕ್ಕೇ 35 ಗುಂಟೆಯ ವ್ಯತ್ಯಾಸ 23ಕ್ಕೆ ಇಳೀತು. 12 ಗುಂಟೆ ನಾನು ಓದೋದರಲ್ಲೇ ಹುಟ್ಟಿಸಿದ್ದೆ.

ಇದು ನಮ್ಮ ಕಡೆ ಇನ್ನೂ ಗೋಜಲಾಗೋಕೆ ಇತಿಹಾಸದ ಕಾರಣ ಇದೆ. ಹರಿಹರ ಮೂರು ಸರ್ಕಾರಗಳು ಮುಖಾಮುಖಿಯಾಗುತ್ತಿದ್ದ ಜಾಗ. ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಅದು ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆ. ಈಶಾನ್ಯಕ್ಕೆ ಹರಪನಹಳ್ಳಿ, ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಬಾಂಬೆಯಲ್ಲಿ ಎಕರೆಗೆ 40 ಗುಂಟೆ. ಮೈಸೂರು ಬಾಂಬೆ ಪದ್ಧತಿಯನ್ನೇ ತಗೊಂಡಿದ್ದರಿಂದ ಇಲ್ಲೂ ಗುಂಟೆ. ಮದ್ರಾಸ್‌ನಲ್ಲಿ ಎಕರೆಗೆ 100 ಸೆಂಟ್.

ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಧಾರವಾಡ ಸೇರಿದ್ದು 1956ರಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯೂ ಇದೇ ಜಿಲ್ಲೆಗೆ ಬಂದು, ಕೆಲವು ವರ್ಷಗಳ ಹಿಂದೆ ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯ ಗಡಿ ಓಡಾಡಿತು, ಜನರ ಬಾಯಲ್ಲಿದ್ದ ಅಳತೆ ಅಲ್ಲೇ ಉಳೀತು. ಆ ಕಡೆಯವರು 4.20 ಅಂದರೆ 4 ಎಕರೆ 20 ಸೆಂಟ್, ಗುಂಟೆ ಲೆಕ್ಕದಲ್ಲಿ 4 ಎಕರೆ 8 ಗುಂಟೆ. ನಮ್ಮವರು 4-20 ಅಂದರೆ 4 ಎಕರೆ 20 ಗುಂಟೆ. ಒಂದೇ ಅಂಕಿಯನ್ನು ಒಂದೇ ಮದುವೆ ಮನೆಯಲ್ಲಿ ಕೂತ ಇಬ್ಬರು ಬೀಗರು ಓದಿದರೆ 12 ಗುಂಟೆ ಫರಕು. ಹಾಗಾಗಿ ಮೊದಲ ಪ್ರಶ್ನೆ: ಆ ಕಾಗದ ಯಾವ ಲೆಕ್ಕದ್ದು?

ಭಾಗ 3 / 9: ಭೂಮಿಯನ್ನು ಹಿಗ್ಗಿಸಿದ ನಕ್ಷೆ

ಉಳಿದ 23 ಗುಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭೂಮಿಯ ಮೇಲೆ ಇರಲೇ ಇಲ್ಲ, ಸ್ಕ್ರೀನಿನ ಮೇಲೆ ಮಾತ್ರ ಇತ್ತು.

ಮೊಬೈಲು, ಬ್ರೌಸರಿನಲ್ಲಿ ನಾವು ನೋಡೋ ಹೆಚ್ಚಿನ ಮ್ಯಾಪ್‌ಗಳು ವೆಬ್ ಮರ್ಕೇಟರ್ ಅನ್ನೋ ಪ್ರೊಜೆಕ್ಷನ್‌ನಲ್ಲಿ ಇರ್ತವೆ. ಸಾಫ್ಟ್‌ವೇರ್‌ನಲ್ಲಿ ಇದರ ಹೆಸರು EPSG:3857. ದುಂಡು ಭೂಮಿಯನ್ನು ಚೌಕ ಹಾಳೆ ಮಾಡಬೇಕಾದರೆ ಎಲ್ಲೋ ಒಂದು ಕಡೆ ಎಳೀಬೇಕು. ಈ ಪದ್ಧತಿಯಲ್ಲಿ ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣೋದು ಇದಕ್ಕೇ. ಅದನ್ನು ಸ್ಕೂಲಲ್ಲಿ ಓದಿದ್ದೆ. ಅದೇ ಹಿಗ್ಗುವಿಕೆ ಹರಿಹರದ ಹೊಲಕ್ಕೂ ಬಂದೀತು ಅಂತ ಮಾತ್ರ ಹೊಳೆದಿರಲಿಲ್ಲ.

ಹರಿಹರ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ವೆಬ್ ಮರ್ಕೇಟರ್ ಉದ್ದವನ್ನು ಶೇ. 3.6ರಷ್ಟು ಹಿಗ್ಗಿಸುತ್ತದೆ. ವಿಸ್ತೀರ್ಣ ಅಂದ್ರೆ ಉದ್ದ ಗುಣಿಸು ಅಗಲ, ಎರಡೂ ಹಿಗ್ಗಿದ್ದರಿಂದ ಶೇ. 7ಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ನನ್ನ ಲೇಯರ್ ಅದೇ ಪ್ರೊಜೆಕ್ಷನ್‌ನಲ್ಲಿತ್ತು. ನಾನು ಬಳಸಿದ್ದು ಎರಡನೇ ಸಾಲಿನ ಸೂತ್ರ, ಬಳಸಬೇಕಿದ್ದದ್ದು ಮೊದಲನೆಯದು:

```
$area / 101.17
area($geometry) / 101.17
```

101.17 ಅನ್ನೋದು ಒಂದು ಗುಂಟೆಯ ಚದರ ಮೀಟರ್. ಎರಡನೇ ಸೂತ್ರ ಪರದೆಯ ಹಾಳೆಯನ್ನು ಅಳೆಯುತ್ತದೆ. ಮೊದಲನೆಯದು ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಎಲಿಪ್ಸಾಯ್ಡ್ WGS84 ಅಂತ ಇದ್ದು, ವಿಸ್ತೀರ್ಣದ ಯೂನಿಟ್ ಚದರ ಮೀಟರ್ ಅಂತ ಇದ್ದರೆ, ದುಂಡು ಭೂಮಿಯ ಮೇಲೆ ಲೆಕ್ಕ ಹಾಕುತ್ತದೆ. ಇನ್ನೊಂದು ದಾರಿ, ಲೇಯರ್ ಅನ್ನೇ EPSG:32643ಕ್ಕೆ, ಅಂದ್ರೆ ಯುಟಿಎಂ 43 ಉತ್ತರ ವಲಯಕ್ಕೆ ಬದಲಾಯಿಸಿ ಅಳೆಯೋದು. ನಮ್ಮ ಊರು ಆ ವಲಯದ ನಡುಗೆರೆಗೆ ಹತ್ತಿರ ಇರೋದರಿಂದ ಅಲ್ಲಿ ಬರೋ ತಪ್ಪು ಇಂಥ ಹೊಲಕ್ಕೆ ಗುಂಟೆಯ ಎಂಟನೇ ಒಂದು ಭಾಗವೂ ಆಗಲ್ಲ.

ಸರಿಯಾಗಿ ಅಳೆದಾಗ ಹೊಲ 19,150 ಚದರ ಮೀಟರ್. ಅಂದ್ರೆ 189 ಗುಂಟೆಗೆ ಸ್ವಲ್ಪ ಮೇಲೆ, 4 ಎಕರೆ 29 ಗುಂಟೆ. ಈಗ 23 ಗುಂಟೆಯ ವ್ಯತ್ಯಾಸ 9ಕ್ಕೆ ಬಂತು.

ಭಾಗ 4 / 9: ಪಹಣಿಯ 3ನೇ ಕಾಲಂ

ಈ 9 ಗುಂಟೆಯನ್ನು ಸಾಫ್ಟ್‌ವೇರ್ ಮೇಲೆ ಹಾಕೋಕೆ ಆಗಲಿಲ್ಲ. ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಓಣಿಯಲ್ಲಿರೋ ರಿಟೈರ್ಡ್ ಸರ್ವೆಯರ್ ಒಬ್ಬರು. ಪಹಣಿ ಕೈಗೆ ಕೊಟ್ಟೆ. ಕನ್ನಡಕ ಮೇಲೆತ್ತಿ, "ನೀನು 9ನೇ ಕಾಲಂ ನೋಡಿದ್ದೀಯಪ್ಪಾ, 3ನೇ ಕಾಲಂ ಓದು" ಅಂದರು.

9ನೇ ಕಾಲಂ ಅಂದ್ರೆ ಮಾಲೀಕರ ಹೆಸರು, ಅವರ ಪಾಲಿನ ವಿಸ್ತೀರ್ಣ. 3ನೇ ಕಾಲಂ ಇಡೀ ಹೊಲದ ವಿಸ್ತೀರ್ಣ. ಅದರಲ್ಲಿ ಮೊದಲು ಒಟ್ಟು ವಿಸ್ತೀರ್ಣ, ಆಮೇಲೆ ಫೂಟ್ ಖರಾಬು ಅ, ಫೂಟ್ ಖರಾಬು ಬ, ಕೊನೆಗೆ ಉಳಿದದ್ದು. ನಮ್ಮದರಲ್ಲಿ ಒಟ್ಟು 4-28. ಅ ಖರಾಬು 0-02. ಬ ಖರಾಬು 0-06. ಉಳಿದದ್ದು 4-20.

ಖರಾಬು ಅಂದ್ರೆ ಕೆಟ್ಟ ನೆಲ ಅಂತ ನಾನು ಅಂದುಕೊಂಡಿದ್ದೆ. ಅರ್ಥ ಅಷ್ಟೇ ಅಲ್ಲ. ಕಂದಾಯ ಹಾಕದೆ ಬಿಟ್ಟ ನೆಲಕ್ಕೆಲ್ಲ ಖರಾಬು ಅಂತಾರೆ. ಅ ಖರಾಬು ಬೇಸಾಯಕ್ಕೆ ಬಾರದ ಜಾಗ: ಬಂಡೆ, ಕಣ, ಹೊಲದ ಮನೆ ಇಂಥವು. ಬ ಖರಾಬು ಸಾರ್ವಜನಿಕರಿಗೆ ಬಿಟ್ಟದ್ದು: ದಾರಿ, ಹಳ್ಳ, ಕೆರೆ, ಸ್ಮಶಾನ. ನಮ್ಮ ಹೊಲದ ತುದಿಗೆ ಒಂದು ಬಂಡಿ ದಾರಿ ಇದೆ, ಪಕ್ಕದಲ್ಲೇ ಹಳ್ಳದ ಅಂಚು. ಮೇಲಿನಿಂದ ನೋಡೋ ಸ್ಯಾಟಲೈಟಿಗೆ ದಾರಿಯೂ ಹೊಲವೂ ಒಂದೇ ಬಣ್ಣ. ಅದರಲ್ಲೂ ಮೆಕ್ಕೆಜೋಳ ಕೊಯ್ದ ಮೇಲೆ ತೆಗೆದ ಚಿತ್ರವಾದರೆ ಮುಗೀತು. ನಾನು ಬದುವಿನಿಂದ ಬದುವಿಗೆ, ದಾರಿಯನ್ನೂ ಒಳಗೆ ಹಾಕಿಕೊಂಡು ಗೆರೆ ಎಳೆದಿದ್ದೆ.

ಅಂದ್ರೆ ನಾನು ಹೋಲಿಸಬೇಕಾಗಿದ್ದು 4-20ರ ಜೊತೆ ಅಲ್ಲ, 4-28ರ ಜೊತೆ. 188 ಗುಂಟೆ ರೆಕಾರ್ಡ್, 189.3 ಗುಂಟೆ ಅಳತೆ. ಉಳಿದ ವ್ಯತ್ಯಾಸ ಒಂದೂ ಕಾಲು ಗುಂಟೆ ಚಿಲ್ಲರೆ.

ಇಲ್ಲಿ ಒಂದು ಎಚ್ಚರ ಇದೆ. ಬ ಖರಾಬು ನಮ್ಮ ಸರ್ವೆ ನಂಬರಿನ ಒಳಗೆ ಇದ್ದರೂ ನಮ್ಮದಲ್ಲ. ಸೈಟು, ಜಮೀನು ಮಾರುವವರು "ಸ್ಪಾಟ್‌ನಲ್ಲಿ ಜಾಸ್ತಿ ಐತಿ ನೋಡ್ರಿ" ಅಂತ ತೋರಿಸೋ ಜಾಗ ಎಷ್ಟೋ ಸಲ ಇದೇ ಆಗಿರುತ್ತೆ.

ಭಾಗ 5 / 9: ಬೀಜದಿಂದ ಚೈನಿನ ತನಕ

ಈಗ ಅಸಲಿ ಇತಿಹಾಸ. 188 ಗುಂಟೆ ಅಂತ ಬರೆದವರು ಯಾರು? ಹೇಗೆ ಅಳೆದರು?

ನಮ್ಮ ಊರಿನ ಹರಿಹರೇಶ್ವರ ದೇವಸ್ಥಾನ ಹೊಯ್ಸಳರ ಕಾಲದ್ದು, 1220ರ ದಶಕದಲ್ಲಿ ಕಟ್ಟಿಸಿದ್ದು. ಆ ಕಾಲದ ನಮ್ಮ ಕಡೆಯ ದಾನ ಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮ ಅನ್ನೋ ಲೆಕ್ಕದಲ್ಲಿ ಹೇಳ್ತಾರೆ. ಅಳೆಯೋ ಕೋಲು ಊರಿಂದ ಊರಿಗೆ ಬೇರೆ. ಅದಕ್ಕೇ ಯಾವ ಕೋಲಿನಿಂದ ಅಳೆದದ್ದು ಅಂತ ಎಷ್ಟೋ ಶಾಸನಗಳಲ್ಲಿ ಹೆಸರಿಟ್ಟೇ ಬರೆಯುತ್ತಿದ್ದರು. ಇಂದಿನ ಭಾಷೆಯಲ್ಲಿ ಅದನ್ನೂ ಒಂದು ಯೂನಿಟ್ ಸೆಟ್ಟಿಂಗ್ ಅನ್ನಬಹುದು.

ಆಮೇಲಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೀಜದ ಲೆಕ್ಕ ನಡೀತಿತ್ತು. ಒಂದು ಖಂಡುಗ ಬೀಜ ಬಿತ್ತುವಷ್ಟು ನೆಲ ಅಂದ್ರೆ ಒಂದು ಖಂಡುಗದ ಹೊಲ. 20 ಕೊಳಗಕ್ಕೆ ಒಂದು ಖಂಡುಗ. ಭತ್ತವನ್ನು ಒತ್ತಾಗಿ ಬಿತ್ತುತ್ತಾರೆ, ಒಣ ಹೊಲದಲ್ಲಿ ತೆಳುವಾಗಿ. ಹಾಗಾಗಿ 19ನೇ ಶತಮಾನದ ಮೈಸೂರಿನ ಲೆಕ್ಕದಲ್ಲಿ ಗದ್ದೆಯ ಖಂಡುಗ 10,000 ಚದರ ಗಜ, ಅಂದ್ರೆ ಸುಮಾರು 2 ಎಕರೆ. ಖುಷ್ಕಿಯ ಖಂಡುಗ 64,000 ಚದರ ಗಜ, ಅಂದ್ರೆ 13 ಎಕರೆಗೂ ಮೇಲೆ. ಒಂದೇ ಹೆಸರು, ಆರು ಪಟ್ಟಿಗೂ ಹೆಚ್ಚು ವ್ಯತ್ಯಾಸ. ರೈತನಿಗೆ ಇದರಿಂದ ಕಷ್ಟ ಇರಲಿಲ್ಲ, ಅವನಿಗೆ ಬೇಕಾಗಿದ್ದು ಎಷ್ಟು ಬೀಜ ತರಬೇಕು ಅನ್ನೋದು. ಕಷ್ಟ ಆಗಿದ್ದು ಒಂದೇ ದರದಲ್ಲಿ ಕಂದಾಯ ಹಾಕೋಕೆ ಹೊರಟ ಸರ್ಕಾರಕ್ಕೆ.

ಬಾಂಬೆ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಅನ್ನೋ ಅಧಿಕಾರಿಗಳು 1835ರಿಂದ ಪುಣೆ ಹತ್ತಿರದ ಇಂದಾಪುರದಲ್ಲಿ ಹೊಸ ರೀತಿಯ ಸರ್ವೆ ಶುರು ಮಾಡಿದರು. ಪ್ರತಿ ಹೊಲಕ್ಕೂ ನಂಬರ್, ಮೂಲೆಗೆ ಕಲ್ಲು, ಅಳತೆ ಚೈನಿನಿಂದ. 1840ರ ದಶಕದಲ್ಲಿ ಅದು ಧಾರವಾಡ ಜಿಲ್ಲೆಗೆ, ಅಂದ್ರೆ ನಮ್ಮ ನದಿಯ ಆಚೆ ದಡಕ್ಕೆ ಬಂತು. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಇಲ್ಲೂ ಅದೇ ಬಾಂಬೆ ಪದ್ಧತಿಯ ಸರ್ವೆ ಮತ್ತು ಸೆಟ್ಲ್‌ಮೆಂಟ್ ಆರಂಭವಾಯಿತು. ನಮ್ಮ ಪಹಣಿಯ ಸರ್ವೆ ನಂಬರುಗಳ ಬೇರು ಇರೋದು ಆ ಕೆಲಸದಲ್ಲಿ.

ಭಾಗ 6 / 9: 33 ಅಡಿ, 16 ಆಣೆ

ಆ ಚೈನು 33 ಅಡಿ ಉದ್ದ. ಅದನ್ನು 16 ಆಣೆಗಳಾಗಿ ಭಾಗ ಮಾಡಿರುತ್ತಾರೆ. ಒಂದು ಚೈನು ಉದ್ದ, ಒಂದು ಚೈನು ಅಗಲದ ಚೌಕವೇ ಒಂದು ಗುಂಟೆ: 33 ಗುಣಿಸು 33, 1089 ಚದರ ಅಡಿ. ಸೈಟಿನ ಬ್ರೋಕರ್‌ಗಳು ಬಾಯಿಪಾಠ ಮಾಡಿರೋ 1089 ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗಿದ್ದು ಈಗಲೇ.

ಹೊಲ ಅಳೆಯೋ ರೀತಿಯನ್ನು ಆ ಸರ್ವೆಯರ್ ಸರ್ ನಮ್ಮ ಕಟ್ಟೆ ಮೇಲೆ ಸುಣ್ಣದ ತುಂಡಲ್ಲಿ ಬರೆದು ತೋರಿಸಿದರು. ಮೊದಲು ಹೊಲದ ಎರಡು ದೂರದ ಮೂಲೆ ಸೇರಿಸಿ ಒಂದು ನೇರ ಗೆರೆ ಹಿಡೀತಾರೆ, ಅದು ಆಧಾರ ರೇಖೆ. ಆ ಗೆರೆ ಮೇಲೆ ಚೈನು ಎಳೆಯುತ್ತಾ ಹೋಗ್ತಾರೆ. ಬದಿಯ ಮೂಲೆಕಲ್ಲು ಸರಿಯಾಗಿ ಅಡ್ಡಕ್ಕೆ ಕಾಣೋ ಜಾಗದಲ್ಲಿ ಕ್ರಾಸ್‌ಸ್ಟಾಫ್ ನೆಡ್ತಾರೆ. ಅದು ಕೋಲಿನ ತಲೆಗೆ ಲಂಬಕೋನದಲ್ಲಿ ಸೀಳು ಇರೋ ಸರಳ ಸಾಧನ. ಅಲ್ಲಿಂದ ಕಲ್ಲಿನ ತನಕ ಲಂಬ ಅಳೀತಾರೆ. ಹೊಲ ಹೀಗೆ ತ್ರಿಕೋನಗಳಾಗಿ ಒಡೆಯುತ್ತದೆ. ಪ್ರತಿಯೊಂದಕ್ಕೂ ಅರ್ಧ ಗುಣಿಸು ಪಾದ ಗುಣಿಸು ಎತ್ತರ, ಏಳನೇ ಕ್ಲಾಸಿನ ಲೆಕ್ಕ. ಈ ಅಳತೆ ಬರೆದ ಚಿತ್ರಕ್ಕೆ ಟಿಪ್ಪಣಿ ಅಂತಾರೆ.

ನಮ್ಮ ಹೊಲದ್ದೇ ಲೆಕ್ಕ ಮಾಡೋಣ. ಆಧಾರ ರೇಖೆ 23 ಚೈನು 8 ಆಣೆ, ಅಂದ್ರೆ ಇಪ್ಪತ್ತಮೂರೂವರೆ ಚೈನು. ಎಡಕ್ಕೆ ಲಂಬ 8 ಚೈನು, ಬಲಕ್ಕೂ 8 ಚೈನು. 23.5 ಗುಣಿಸು 8, ಅರ್ಧ ಮಾಡಿದರೆ 94 ಗುಂಟೆ. ಎರಡೂ ಕಡೆ ಸೇರಿ 188. ಪಹಣಿಯ 4-28 ಅಂದ್ರೆ ಇದೇ.

ಇದರಲ್ಲಿ ಏನಿಲ್ಲ ಅಂತ ಗಮನಿಸಿ. ಅಕ್ಷಾಂಶ ರೇಖಾಂಶ ಇಲ್ಲ. ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ಶುರು ಮಾಡಿದ ತ್ರಿಕೋನಮಿತಿಯ ದೊಡ್ಡ ಸರ್ವೆ ಆಗಲೇ ಈ ಸೀಮೆ ದಾಟಿ ಉತ್ತರಕ್ಕೆ ಹೋಗಿತ್ತು. ಆದರೆ ಟಿಪ್ಪಣಿಯಲ್ಲಿರೋ ಅಳತೆಗಳು ಆ ಜಾಲಕ್ಕೆ ಕಟ್ಟಿದವಲ್ಲ. ನಮ್ಮ ಹೊಲ ಭೂಮಿಯ ಮೇಲೆ ಎಲ್ಲಿದೆ ಅಂತ ಟಿಪ್ಪಣಿಗೆ ಗೊತ್ತಿಲ್ಲ. ಈ ಕಲ್ಲಿಂದ ಆ ಕಲ್ಲಿಗೆ ಎಷ್ಟು ಚೈನು ಅನ್ನೋದು ಮಾತ್ರ ಗೊತ್ತು. ಜಿಐಎಸ್‌ಗೆ ಉಲ್ಟಾ: ಎಲ್ಲಿದೆ ಅಂತ ಗೊತ್ತು, ಕಲ್ಲು ಯಾವುದು ಅಂತ ಗೊತ್ತಿಲ್ಲ.

ಭಾಗ 7 / 9: ಚೈನಿನ ತಪ್ಪಿಗೆ ದಿಕ್ಕು ಇದೆ

ಆ ಅಳತೆ ಎಷ್ಟು ನಂಬಬಹುದು? ಕಬ್ಬಿಣದ ಕೊಂಡಿಗಳ ಚೈನು ದಿನವೂ ಮುಳ್ಳು, ಕಲ್ಲಿನ ಮೇಲೆ ಎಳೆದಾಡಿದರೆ ಕೊಂಡಿಗಳು ಸವೆದು, ಬಾಯಿ ಬಿಟ್ಟು ಚೈನು ಉದ್ದ ಆಗ್ತದೆ. 33 ಅಡಿಯ ಚೈನು ಬರೀ 2 ಅಂಗುಲ ಉದ್ದ ಆಗಿದೆ ಅಂತ ಇಟ್ಟುಕೊಳ್ಳಿ. ಉದ್ದದಲ್ಲಿ ಅರ್ಧ ಪರ್ಸೆಂಟ್, ವಿಸ್ತೀರ್ಣದಲ್ಲಿ ಒಂದು ಪರ್ಸೆಂಟ್. ಉದ್ದ ಚೈನು ಕಡಿಮೆ ಸಲ ಬೀಳುತ್ತದೆ, ಹಾಗಾಗಿ ರೆಕಾರ್ಡ್‌ನಲ್ಲಿ ಹೊಲ ಚಿಕ್ಕದಾಗಿ ಬರೆಯಲ್ಪಡುತ್ತದೆ. 188 ಗುಂಟೆಗೆ ಸುಮಾರು 2 ಗುಂಟೆ ಕಡಿಮೆ. ಚೈನು ಬಿಗಿಯಾಗಿ ಎಳೆಯದೆ ಜೋಲು ಬಿದ್ದರೆ, ಅಥವಾ ಗೆರೆ ಸೊಟ್ಟಗೆ ಹೋದರೆ, ಅದರ ಉಲ್ಟಾ: ರೆಕಾರ್ಡ್‌ನಲ್ಲಿ ಜಾಸ್ತಿ.

ಇನ್ನೊಂದು, ಕಲ್ಲಿನಿಂದ ಕಲ್ಲಿಗೆ ಅವರು ನೇರ ಗೆರೆ ಹಿಡಿದರು. ಬದು ನೇರ ಇರಲ್ಲ. 140 ಮೀಟರ್ ಉದ್ದದ ಒಂದು ಬದು ನಡುವೆ 3 ಮೀಟರ್ ಹೊರಗೆ ಬಾಗಿದ್ದರೆ ಆ ಬಾಗಿನೊಳಗೇ 2.8 ಗುಂಟೆ ಇರುತ್ತದೆ.

ಇವರು ಯಾಕೆ ಇನ್ನೂ ಬಿಗಿಯಾಗಿ ಅಳೆಯಲಿಲ್ಲ ಅಂತ ನಾನು ಕೇಳಿದೆ. ಸರ್ ತಿರುಗಿ ಕೇಳಿದರು: "ಯಾತಕ್ಕೆ ಅಳೆದ್ರು ಅವರು?" ಕಂದಾಯಕ್ಕೆ. ಎಕರೆಗೆ 1 ರೂಪಾಯಿ ಕಂದಾಯ ಅಂತ ಇಟ್ಟುಕೊಂಡರೆ ಒಂದು ಗುಂಟೆ ತಪ್ಪಿದರೆ ಅರ್ಧ ಆಣೆಗೂ ಕಡಿಮೆ ವ್ಯತ್ಯಾಸ. ಆ ಕೆಲಸಕ್ಕೆ ಅಷ್ಟು ಅಳತೆ ಧಾರಾಳ ಸಾಕಾಗಿತ್ತು. ಇವತ್ತು ಬೈಪಾಸ್ ಪಕ್ಕದಲ್ಲಿ ಗುಂಟೆಗೆ ಲಕ್ಷಗಟ್ಟಲೆ ಅನ್ನೋ ಕಾಲದಲ್ಲಿ ನಾವು ಅದೇ ಅಂಕಿಯನ್ನು ಹಿಡಿದು ಜಗಳ ಆಡ್ತೀವಿ. ಪಹಣಿ 2000ದ ಆಸುಪಾಸು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಬಂತು ನಿಜ, ಆದರೆ ಬಂದದ್ದು ಬರಹ. ಹೊಲವನ್ನು ಯಾರೂ ಹೊಸದಾಗಿ ಅಳೆದು ಹಾಕಿದ್ದಲ್ಲ.

ಈಗ ನಮ್ಮ ಉಳಿಕೆ ಒಂದೂ ಕಾಲು ಗುಂಟೆ ಚಿಲ್ಲರೆಗೆ ಬನ್ನಿ. ಅದು 130 ಚದರ ಮೀಟರ್. ಹೊಲದ ಸುತ್ತಳತೆ ಸುಮಾರು 572 ಮೀಟರ್. ಭಾಗಿಸಿದರೆ 23 ಸೆಂಟಿಮೀಟರ್. ಅಂದ್ರೆ ನಾನು ಸ್ಕ್ರೀನಿನಲ್ಲಿ ಗೆರೆಯನ್ನು ಸುತ್ತಲೂ ಒಂದು ಗೇಣು ಹೊರಗೆ ಎಳೆದಿದ್ದರೆ ಸಾಕು, ಅಷ್ಟೂ ಬರುತ್ತದೆ. ನಮ್ಮ ಬದುವೇ ಎರಡು ಅಡಿ ಅಗಲ ಇದೆ. ಹೀಗಿರುವಾಗ ಈ 1.3 ಗುಂಟೆ "ಇದೆ" ಅಂತಲೂ ಹೇಳೋಕಾಗಲ್ಲ, "ಇಲ್ಲ" ಅಂತಲೂ ಹೇಳೋಕಾಗಲ್ಲ. ಅಳತೆಯ ಅಂಚಿನೊಳಗೆ ಅದು ಮುಳುಗಿದೆ.

ಭಾಗ 8 / 9: ಹಳೆ ಗ್ರಾಮ ನಕ್ಷೆ ತಂದು ಇಟ್ಟರೆ?

ಕಾಮೆಂಟಲ್ಲಿ ಒಬ್ಬರು ಕೇಳಿದ್ದರು: ಸ್ಯಾಟಲೈಟ್ ಬಿಡು, ಗ್ರಾಮ ನಕ್ಷೆಯನ್ನೇ ಸ್ಕ್ಯಾನ್ ಮಾಡಿ ಜಿಯೋರೆಫರೆನ್ಸ್ ಮಾಡಿ ಅಳೆದರೆ ಸರಿ ಬರಲ್ವಾ ಅಂತ. ನಾನೂ ಮಾಡಿ ನೋಡಿದೆ. ಇನ್ನೂ ಕೆಟ್ಟದಾಯಿತು.

ಗ್ರಾಮ ನಕ್ಷೆಯ ಸ್ಕೇಲು ಸಾಮಾನ್ಯವಾಗಿ ಮೈಲಿಗೆ 8 ಅಂಗುಲ, ಅಂದ್ರೆ 1:7920. ಹಾಳೆಯ ಮೇಲೆ 1 ಮಿಲಿಮೀಟರ್ ಅಂದ್ರೆ ನೆಲದ ಮೇಲೆ ಹತ್ತಿರ ಹತ್ತಿರ 8 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಒಂದು ಮಸಿ ಗೆರೆ ನೆಲದ ಮೇಲೆ 4 ಮೀಟರ್ ಅಗಲ. ಆ ಗೆರೆಯ ನಡುವೆ ಪಾಯಿಂಟ್ ಇಡುತ್ತಾ ಹೋದರೆ ಒಂದು ವಿಸ್ತೀರ್ಣ. ಹೊರ ಅಂಚಿನ ಮೇಲೆ ಇಟ್ಟರೆ 572 ಮೀಟರ್ ಸುತ್ತಳತೆಗೆ 2 ಮೀಟರ್ ಅಗಲದ ಪಟ್ಟಿ ಸೇರಿಕೊಂಡು 11 ಗುಂಟೆ ಹೆಚ್ಚು. ಬರೀ ಗೆರೆಯ ದಪ್ಪದಲ್ಲಿ 11 ಗುಂಟೆ! ಇದರ ಮೇಲೆ ಹಳೆ ಕಾಗದ ಒಣಗಿ ಎರಡೂ ಕಡೆ ಶೇ. 1 ಕುಗ್ಗಿದ್ದರೆ ಇನ್ನೊಂದು 4 ಗುಂಟೆ ಕಡಿಮೆ.

ಮುಖ್ಯವಾದ ಮಾತು ಇದು: ಪಹಣಿಯ ವಿಸ್ತೀರ್ಣ ಗ್ರಾಮ ನಕ್ಷೆಯಿಂದ ಬಂದದ್ದಲ್ಲ. ನೆಲದ ಮೇಲಿನ ಚೈನಿನ ಅಳತೆಯಿಂದ ವಿಸ್ತೀರ್ಣ ಬಂತು, ನಕ್ಷೆ ಆಮೇಲೆ ಬರೆದದ್ದು. ಹಾಗಾಗಿ ನಕ್ಷೆಯಿಂದ ವಿಸ್ತೀರ್ಣ ತೆಗೆಯೋದು ಅಂದ್ರೆ ಫೋಟೋ ನೋಡಿ ಮನುಷ್ಯನ ತೂಕ ಹೇಳಿದ ಹಾಗೆ. ಮೊಬೈಲಲ್ಲಿ ಸರ್ವೆ ನಂಬರ್ ತೋರಿಸೋ ದಿಶಾಂಕ್ ಆ್ಯಪ್ ಕೂಡ ಇಂಥ ನಕ್ಷೆಗಳನ್ನೇ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸಿದ್ದು. ಯಾವ ನಂಬರಿನಲ್ಲಿ ನಿಂತಿದ್ದೀವಿ ಅಂತ ತಿಳಿಯೋಕೆ ಬಹಳ ಚೆನ್ನಾಗಿದೆ. ಅದರ ಗೆರೆ ನೋಡಿ ಬದು ಕಡಿಯೋಕೆ ಹೋಗಬೇಡಿ. ನಮ್ಮ ಹೊಲದಲ್ಲಿ ಆ ಗೆರೆ ಕಾಕಾನ ಬೇವಿನ ಮರದ ಒಳಗೆ ಹೋಗಿದೆ.

ನಿಜವಾಗಿಯೂ ನೆಲವೇ ಬದಲಾಗಿರೋ ಸಂದರ್ಭಗಳೂ ಇವೆ, ಎಲ್ಲಾ ಸಾಫ್ಟ್‌ವೇರ್ ತಪ್ಪು ಅಂದುಕೊಳ್ಳಬಾರದು. ತುಂಗಭದ್ರೆ ದಡದ ಹೊಲಗಳಲ್ಲಿ ಹೊಳೆ ಒಂದು ಕಡೆ ಕೊರೆದು ಇನ್ನೊಂದು ಕಡೆ ಮಣ್ಣು ಹಾಕ್ತದೆ. ಭದ್ರಾ ಕಾಲುವೆಗೆ, ಹೆದ್ದಾರಿಗೆ ಜಮೀನು ಹೋದ ಕಡೆ ಪೋಡಿ ದುರಸ್ತಿ ಆಗದೆ ಇದ್ದರೆ ಪಹಣಿಯಲ್ಲಿ ಹಳೆ ವಿಸ್ತೀರ್ಣವೇ ಕೂತಿರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಪಾಲು ಮಾಡಿಕೊಂಡ ಕಡೆ ಕಾಗದದಲ್ಲಿ ಸಮಪಾಲು, ನೆಲದ ಮೇಲೆ ಒಬ್ಬನಿಗೆ ಬಾವಿ ಕಡೆ ಕಡಿಮೆ, ಇನ್ನೊಬ್ಬನಿಗೆ ಕಲ್ಲು ನೆಲ ಜಾಸ್ತಿ.

ಭಾಗ 9 / 9: ಕಟ್ಟೆ ಮೇಲೆ ಪಂಚಾಯ್ತಿ

ಹಾಗಾದರೆ ಯಾವುದು ಲೆಕ್ಕದ ತಪ್ಪು, ಯಾವುದು ಒತ್ತುವರಿ ಅಂತ ಗುರುತಿಸೋದು ಹೇಗೆ? ಸರ್ ಹೇಳಿದ ಉಪಾಯ ಇದು. ನಿಮ್ಮ ಒಂದೇ ಹೊಲ ಅಳೆಯಬೇಡಿ, ಸುತ್ತಲಿನ ನಾಲ್ಕೈದು ನಂಬರ್ ಅಳೆಯಿರಿ. ಪ್ರತಿಯೊಂದನ್ನೂ 3ನೇ ಕಾಲಮ್ಮಿನ ಒಟ್ಟು ವಿಸ್ತೀರ್ಣದ ಜೊತೆ ಹೋಲಿಸಿ. ಎಲ್ಲವೂ ಒಂದೇ ಸಮ ಶೇ. 7 ಹೆಚ್ಚು ಬಂದರೆ ಪ್ರೊಜೆಕ್ಷನ್ ತಪ್ಪಿದೆ. ಎಲ್ಲವೂ ಒಂದೇ ದಿಕ್ಕಿಗೆ ಶೇ. 1, 2 ಜರುಗಿದ್ದರೆ ಹಳೆ ಚೈನಿನ ಅಥವಾ ನಿಮ್ಮ ಗೆರೆಯ ಚಾಳಿ. ಒಂದು ಹೆಚ್ಚಾಗಿ, ಅದಕ್ಕೆ ತಾಗಿದ ಇನ್ನೊಂದು ಅಷ್ಟೇ ಕಡಿಮೆಯಾಗಿದ್ದರೆ ಮಾತ್ರ, ನಡುವಿನ ಬದು ಸರಿದಿರಬಹುದು ಅಂತ ಅನುಮಾನ ಪಡಬೇಕು.

ನಾನು ಕಾಕಾನ ಹೊಲವನ್ನೂ ಸೇರಿಸಿ ಐದು ನಂಬರ್ ಅಳೆದೆ. ಹಳೆ ತಪ್ಪು ಸೂತ್ರದಲ್ಲಿ ಐದೂ ಹೊಲ ಶೇ. 7, 8ರಷ್ಟು "ಜಾಸ್ತಿ" ಬಂದವು. ಸರಿ ಸೂತ್ರದಲ್ಲಿ ಐದೂ ರೆಕಾರ್ಡಿನ ಶೇ. 2ರೊಳಗೆ ಬಂದವು. ಕಾಕಾನ ಹೊಲ ಕಡಿಮೆ ಬರಲಿಲ್ಲ, ಅದೂ ಒಂದು ಗುಂಟೆ ಹತ್ತಿರ ಹೆಚ್ಚೇ ಬಂತು. ಲ್ಯಾಪ್‌ಟಾಪ್ ತಗೊಂಡು ಹೋಗಿ ತೋರಿಸಿದೆ. ನಾನು ಎಲ್ಲಿ ತಪ್ಪಿದೆ ಅಂತ ಒಂದೊಂದಾಗಿ ಹೇಳಿದೆ: ಓದಿದ್ದರಲ್ಲಿ 12 ಗುಂಟೆ, ಪ್ರೊಜೆಕ್ಷನ್‌ನಲ್ಲಿ ಹತ್ತಿರ 14, ಖರಾಬು 8, ಉಳಿದದ್ದು ಒಂದೂ ಚಿಲ್ಲರೆ. ಒಟ್ಟು 35.

ಕಾಕಾ ಎಲ್ಲಾ ಕೇಳಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಕಲ್ಲು ಎಲ್ಲದಾವಪ್ಪಾ?" ಅದೇ ಸರಿಯಾದ ಪ್ರಶ್ನೆ. ಹೊಲದ ಗಡಿ ಮತ್ತು ಬರೆದ ವಿಸ್ತೀರ್ಣ ಹೊಂದದೆ ಇದ್ದರೆ ಸಾಮಾನ್ಯವಾಗಿ ನಿಲ್ಲೋದು ಗಡಿ. ಕ್ರಯಪತ್ರದಲ್ಲಿ ಗುಂಟೆಯ ಜೊತೆ ಚಕ್ಕುಬಂದಿ ಬರೆಯೋದು ಇದಕ್ಕೇ. ಅಜ್ಜ, ಕಾಕಾ ಇಬ್ಬರೂ ಸಂಜೆ ಹೋಗಿ ನೋಡಿದರು. ನಾಲ್ಕು ಬಾಂದು ಕಲ್ಲಿನಲ್ಲಿ ಮೂರು ಸಿಕ್ಕವು, ಒಂದು ಲಂಟಾನದ ಪೊದೆಯೊಳಗೆ. ನಾಲ್ಕನೆಯದು, ಬಂಡಿ ದಾರಿ ಕಡೆಯದು, ಇಲ್ಲ. ಅದಕ್ಕೆ ಇಬ್ಬರೂ ಸೇರಿ ಹದ್ದುಬಸ್ತಿಗೆ ಅರ್ಜಿ ಹಾಕ್ತಿದ್ದಾರೆ. ಸರ್ಕಾರಿ ಸರ್ವೆಯರ್ ಬಂದು ಟಿಪ್ಪಣಿ ನೋಡಿ ಆ ಕಲ್ಲಿನ ಜಾಗ ಗುರುತು ಮಾಡ್ತಾರೆ. ನನ್ನ ಪಾಲಿಗನ್‌ಗೆ ಅಲ್ಲಿ ಕೆಲಸ ಇಲ್ಲ.

ಹಳೆ ಸ್ಟೋರಿ ಹೈಲೈಟ್‌ನಲ್ಲಿ ಹಾಗೇ ಇಟ್ಟಿದ್ದೀನಿ, ಮೇಲೆ "ತಪ್ಪು, ಈ ಸರಣಿ ಓದಿ" ಅಂತ ಬರೆದು. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಮನೆ ಪಹಣಿಯ 3ನೇ ಕಾಲಂ ಫೋಟೋ ತೆಗೆದುಕೊಳ್ಳಿ, ಸರ್ವೆ ನಂಬರ್ ಮತ್ತು ಹೆಸರು ಮುಚ್ಚಿ ಡಿಎಂ ಮಾಡಿ. ಖರಾಬು ಎಷ್ಟಿದೆ, ಅದು ನೆಲದ ಮೇಲೆ ಈಗ ಏನಾಗಿದೆ ಅಂತ ಸೇರಿ ನೋಡೋಣ. ನದಿ ಆಚೆ ರಾಣೆಬೆನ್ನೂರಿನವರು, ಹರಪನಹಳ್ಳಿಯವರು ಇದ್ದರೆ ಖಂಡಿತ ಕಳಿಸಿ. ಸೆಂಟಿನ ಲೆಕ್ಕದ ಹಳೆ ಕಾಗದ ಯಾರ ಮನೆಯಲ್ಲಾದರೂ ಇದ್ದರೆ ನನಗೆ ನೋಡಬೇಕಿದೆ.

#ಹರಿಹರ #ದಾವಣಗೆರೆ #ಪಹಣಿ #ಗುಂಟೆಲೆಕ್ಕ #ನಮ್ಮೂರಇತಿಹಾಸ